ಎಂಬತ್ತೈದು ಪರ್ಸೆಂಟ್ ಅಕ್ಯುರೆಸಿ: ಟಿಪ್ಸ್ ಚಾನೆಲ್‌ನ ಲೆಕ್ಕ ತೆಗೆಯುವ ಬಗೆ

ಬೆಳಿಗ್ಗೆ ಒಂಬತ್ತೂಕಾಲಿಗೆ ಷೇರುಪೇಟೆ ತೆರೆಯುತ್ತದೆ. ಅದಾಗಿ ಹತ್ತಿಪ್ಪತ್ತು ನಿಮಿಷಗಳಲ್ಲಿ ಸಾವಿರಾರು ಫೋನುಗಳಲ್ಲಿ ಟೆಲಿಗ್ರಾಂ ಸದ್ದು ಮಾಡುತ್ತದೆ. ‘ಬೈ ನಿಫ್ಟಿ 24800 ಸಿಇ, ಅಬೌ 120, ಟಾರ್ಗೆಟ್ 130/145/170, ಎಸ್‌ಎಲ್ 80.’ ನಿಫ್ಟಿಯ 24,800ರ ಕಾಲ್ ಆಪ್ಷನ್ ಬೆಲೆ 120 ರೂಪಾಯಿ ದಾಟಿದರೆ ಕೊಳ್ಳಿ, 130 ಮೊದಲ ಗುರಿ, 145 ಎರಡನೆಯದು, 170 ಮೂರನೆಯದು, ಬೆಲೆ 80ಕ್ಕೆ ಇಳಿದರೆ ನಷ್ಟ ಒಪ್ಪಿಕೊಂಡು ಹೊರಗೆ ಬನ್ನಿ ಎಂದು ಇದರ ಅರ್ಥ. ಮಧ್ಯಾಹ್ನದ ಹೊತ್ತಿಗೆ ಅದೇ ಚಾನೆಲ್‌ನಲ್ಲಿ ರಾಕೆಟ್ ಚಿತ್ರಗಳ ಜೊತೆ ‘ಟಾರ್ಗೆಟ್ ಹಿಟ್’ ಎಂಬ ಸುದ್ದಿ ಬರುತ್ತದೆ. ತಿಂಗಳ ಕೊನೆಗೆ ಒಂದು ಪಟ್ಟಿ ಬರುತ್ತದೆ: 40 ಕಾಲ್, 34 ಸಕ್ಸಸ್, 85 ಪರ್ಸೆಂಟ್ ಅಕ್ಯುರೆಸಿ. ಕೆಳಗೆ ಪ್ರೀಮಿಯಂ ಗ್ರೂಪಿನ ದರ, ತಿಂಗಳಿಗೆ 5,000 ರೂಪಾಯಿ.

ಈ ಪಟ್ಟಿಯನ್ನು ನೋಡಿದವರು ಸಾಮಾನ್ಯವಾಗಿ ಕೇಳುವುದು ‘ಇದು ನಿಜವೇ’ ಎಂದು. ಕೇಳಬೇಕಾದದ್ದೇ. ಆದರೆ ಅದಕ್ಕೂ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ, ಅದನ್ನು ಬಹುತೇಕ ಯಾರೂ ಕೇಳುವುದಿಲ್ಲ. ಈ 85 ಪರ್ಸೆಂಟ್ ಅಕ್ಷರಶಃ ನಿಜವೇ ಆಗಿದ್ದರೆ, ಆ ಕಾಲ್‌ಗಳನ್ನು ಹಿಂಬಾಲಿಸಿದವನ ಕೈಗೆ ಏನು ಉಳಿಯುತ್ತದೆ?

ಮೇಲಿನ ಕಾಲ್ ಅನ್ನೇ ತೆಗೆದುಕೊಳ್ಳೋಣ. ಮೊದಲ ಗುರಿ ಮುಟ್ಟಿದರೆ 10 ರೂಪಾಯಿ ಲಾಭ. ಸ್ಟಾಪ್ ಲಾಸ್ ಮುಟ್ಟಿದರೆ 40 ರೂಪಾಯಿ ನಷ್ಟ. ಅಂದರೆ ಒಂದು ಸಲ ಸೋತರೆ ನಾಲ್ಕು ಗೆಲುವು ಅಳಿಸಿಹೋಗುತ್ತದೆ. ಐದರಲ್ಲಿ ನಾಲ್ಕು ಗೆದ್ದು ಒಂದು ಸೋತವನ ಲಾಭ ನಷ್ಟ ಎರಡೂ ಸೊನ್ನೆ. ಅವನ ಅಕ್ಯುರೆಸಿ ಮಾತ್ರ 80 ಪರ್ಸೆಂಟ್.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬೇಕು, ಈ ವ್ಯವಹಾರದ ತಿರುಳು ಇರುವುದೇ ಅಲ್ಲಿ. ಒಂದು ಬೆಲೆ ಯಾವ ದಿಕ್ಕಿಗೂ ವಾಲದೆ, ಬರೀ ಆಕಸ್ಮಿಕವಾಗಿ ಮೇಲೆ ಕೆಳಗೆ ಆಡುತ್ತಿದೆ ಎಂದುಕೊಳ್ಳಿ. ಮೇಲೆ 10 ರೂಪಾಯಿ ದೂರದಲ್ಲಿ ಒಂದು ಗೆರೆ, ಕೆಳಗೆ 40 ರೂಪಾಯಿ ದೂರದಲ್ಲಿ ಇನ್ನೊಂದು ಗೆರೆ. ಆ ಬೆಲೆ ಮೊದಲು ಯಾವ ಗೆರೆಯನ್ನು ಮುಟ್ಟೀತು? ಹತ್ತಿರದ್ದನ್ನು ಮುಟ್ಟುವ ಸಂಭವವೇ ಹೆಚ್ಚು. ಎಷ್ಟು ಹೆಚ್ಚು ಎಂಬುದಕ್ಕೆ ಸಂಭವನೀಯತಾ ಗಣಿತದಲ್ಲಿ ಹಳೆಯ, ಸರಳ ಉತ್ತರವಿದೆ: ಕೆಳಗಿನ ದೂರವನ್ನು ಎರಡೂ ದೂರಗಳ ಮೊತ್ತದಿಂದ ಭಾಗಿಸಬೇಕು. 40 ಭಾಗಿಸು 50, ಅಂದರೆ 80 ಪರ್ಸೆಂಟ್. ಚಾರ್ಟ್ ಓದಲು ಬಾರದವನು, ಕಣ್ಣು ಮುಚ್ಚಿ ಯಾವುದೋ ಆಪ್ಷನ್ ಮೇಲೆ ಬೆರಳಿಟ್ಟವನು ಕೂಡ ಗುರಿಯನ್ನು ಹತ್ತಿರ, ಸ್ಟಾಪ್ ಲಾಸನ್ನು ದೂರ ಇಟ್ಟುಕೊಂಡರೆ ಹೆಚ್ಚುಕಡಿಮೆ ಎಂಬತ್ತರ ಅಕ್ಯುರೆಸಿ ತೋರಿಸಬಲ್ಲ. ಗುರಿಯನ್ನು 5 ರೂಪಾಯಿಗೆ, ಸ್ಟಾಪ್ ಲಾಸನ್ನು 45ಕ್ಕೆ ಇಟ್ಟರೆ ಅದೇ ಅಜ್ಞಾನಕ್ಕೆ ತೊಂಬತ್ತರ ಅಂಕಿ ಸಿಗುತ್ತದೆ. ಮಾರುಕಟ್ಟೆಯ ಬಗ್ಗೆ ಮಾರುವವನಿಗೆ ಏನು ಗೊತ್ತಿದೆ ಎಂಬುದನ್ನು ಈ ಅಂಕಿ ಹೇಳುವುದೇ ಇಲ್ಲ. ಅವನು ಗೆರೆಗಳನ್ನು ಎಲ್ಲಿ ಎಳೆದಿದ್ದಾನೆ ಎಂಬುದನ್ನಷ್ಟೇ ಹೇಳುತ್ತದೆ.

ಹಾಗಾದರೆ ನಮ್ಮ ಚಾನೆಲ್‌ನ 85ರಲ್ಲಿ 80ಕ್ಕಿಂತ ಮೇಲಿನ ಐದು ಅಂಕ ಜಾಣತನದ್ದೇ? ಹೇಳಲಾಗುವುದಿಲ್ಲ. ಬರೀ ಅದೃಷ್ಟದ ಮೇಲೆ ನಡೆಯುವ ಚಾನೆಲ್ 40 ಕಾಲ್‌ಗಳಲ್ಲಿ ಸರಾಸರಿ 32 ಗೆಲ್ಲುತ್ತದೆ. ಅಂಥ ಹತ್ತು ಚಾನೆಲ್‌ಗಳಿದ್ದರೆ ಹೆಚ್ಚುಕಡಿಮೆ ಮೂರು ಆ ತಿಂಗಳು 34 ಅಥವಾ ಇನ್ನೂ ಹೆಚ್ಚು ಗೆಲ್ಲುತ್ತವೆ. ನಿಮ್ಮ ಕಣ್ಣಿಗೆ ಜಾಹೀರಾತಿನಲ್ಲಿ ಬೀಳುವುದು ಆ ಮೂರು ಮಾತ್ರ. ಒಬ್ಬನೇ ಮನುಷ್ಯ ಬೇರೆ ಬೇರೆ ಹೆಸರಿನಲ್ಲಿ ಹತ್ತು ಚಾನೆಲ್ ತೆರೆದು, ಸೋತ ಏಳನ್ನು ಅಳಿಸಿ, ಗೆದ್ದ ಮೂರನ್ನು ಉಳಿಸಿಕೊಳ್ಳುವುದಕ್ಕೂ ಏನೂ ಅಡ್ಡಿಯಿಲ್ಲ.

ಇನ್ನು ಖರ್ಚು. ನಿಫ್ಟಿ ಆಪ್ಷನ್‌ನ ಒಂದು ಲಾಟ್ 2026ರ ಆರಂಭದಿಂದ 65ಕ್ಕೆ ನಿಂತಿದೆ. 120ಕ್ಕೆ ಕೊಂಡು 130ಕ್ಕೆ ಮಾರಿದರೆ ಲಾಟ್ ಒಂದಕ್ಕೆ 650 ರೂಪಾಯಿ ಲಾಭ. ಕೊಳ್ಳುವಾಗ 20, ಮಾರುವಾಗ 20 ರೂಪಾಯಿ ಬ್ರೋಕರೇಜ್ ಇದ್ದು, ಎಸ್‌ಟಿಟಿ, ವಿನಿಮಯ ಕೇಂದ್ರದ ಶುಲ್ಕ, ಜಿಎಸ್‌ಟಿ, ಸ್ಟ್ಯಾಂಪ್ ಡ್ಯೂಟಿ ಸೇರಿದರೆ ಒಂದು ಸುತ್ತಿಗೆ ಸುಮಾರು 65 ರೂಪಾಯಿ ಹೋಗುತ್ತದೆ. ಅಂದರೆ ಆಪ್ಷನ್ ಬೆಲೆಯಲ್ಲಿ ಒಂದು ರೂಪಾಯಿ. ಈಗ ಗೆದ್ದರೆ 9, ಸೋತರೆ 41. ನಷ್ಟವಿಲ್ಲದೆ ಉಳಿಯಲು ಬೇಕಾದ ಅಕ್ಯುರೆಸಿ 82 ಪರ್ಸೆಂಟ್‌ಗೆ ಏರಿತು.

ಕಾಲ್ ಬಂದ ಕ್ಷಣದಲ್ಲಿ ಸಾವಿರಾರು ಜನ ಅದೇ ಆಪ್ಷನ್ ಮೇಲೆ ಬೀಳುತ್ತಾರೆ. ನೋಟಿಫಿಕೇಶನ್ ನೋಡಿ, ಆ್ಯಪ್ ತೆರೆದು, ಸ್ಟ್ರೈಕ್ ಹುಡುಕಿ ಆರ್ಡರ್ ಹಾಕುವಷ್ಟರಲ್ಲಿ ನಿಮಗೆ ಸಿಕ್ಕ ಬೆಲೆ 122 ಆಗಿದೆ ಎನ್ನಿ. ಎರಡೇ ರೂಪಾಯಿ. ಗೆಲುವು 7ಕ್ಕೆ ಇಳಿಯಿತು, ಸೋಲು 43ಕ್ಕೆ ಏರಿತು. ಈಗ ಬೇಕಾದದ್ದು 86 ಪರ್ಸೆಂಟ್. ಚಾನೆಲ್‌ನ 85 ಪರ್ಸೆಂಟ್ ಸತ್ಯವೇ ಆಗಿದ್ದರೂ ಅದನ್ನು ಚಾಚೂ ತಪ್ಪದೆ ಹಿಂಬಾಲಿಸಿದವನು ತಿಂಗಳ ಕೊನೆಗೆ ಲಾಟ್ ಒಂದಕ್ಕೆ 1,300 ರೂಪಾಯಿ ಕಳೆದುಕೊಂಡಿರುತ್ತಾನೆ. ಐದು ಸಾವಿರ ಫೀಸು ಬೇರೆ.

ಆದ್ದರಿಂದ ಯಾವ ಟಿಪ್ಸ್ ಮಾರುವವನನ್ನೇ ಆಗಲಿ ಅಳೆಯುವಾಗ ಅಕ್ಯುರೆಸಿಯನ್ನು ಒಂಟಿಯಾಗಿ ನೋಡಬೇಡಿ. ಸರಾಸರಿ ಗೆಲುವು ಎಷ್ಟು, ಸರಾಸರಿ ಸೋಲು ಎಷ್ಟು ಎಂಬ ಎರಡು ಅಂಕಿಗಳು ಜೊತೆಗಿಲ್ಲದಿದ್ದರೆ ಪರ್ಸೆಂಟಿಗೆ ಯಾವ ಅರ್ಥವೂ ಇಲ್ಲ. ಈ ಎರಡನ್ನೂ ಹೇಳುವ ಚಾನೆಲ್‌ಗಳು ವಿರಳ. ಹೇಳದಿದ್ದರೆ ನಾವೇ ತೆಗೆಯಬಹುದು, ಯಾಕೆಂದರೆ ಬೇಕಾದ ದಾಖಲೆಗಳೆಲ್ಲ ನಮ್ಮ ಕೈಗೆ ಸಿಗುವಂಥವೇ.

ಮೊದಲ ದಾಖಲೆ ಆ ಚಾನೆಲ್ಲೇ. ಆದರೆ ಅದು ತಿದ್ದಲು ಬರುವ ದಾಖಲೆ ಎಂಬುದು ನೆನಪಿರಬೇಕು. ಟೆಲಿಗ್ರಾಂ ಚಾನೆಲ್ ನಡೆಸುವವನು ತಾನು ಹಾಕಿದ ಪೋಸ್ಟನ್ನು ಆಮೇಲೆ ಬದಲಾಯಿಸಬಹುದು, ಅಳಿಸಲೂ ಬಹುದು. ಅಳಿಸಿದ ಪೋಸ್ಟಿನ ಜಾಗದಲ್ಲಿ ‘ಇಲ್ಲೊಂದು ಇತ್ತು’ ಎಂಬ ಗುರುತು ಉಳಿಯುವುದಿಲ್ಲ. ಇಂದು ಸೇರಿದವನಿಗೆ ಕಾಣುವುದು ಉಳಿಸಿಕೊಂಡ ಪೋಸ್ಟುಗಳ ಇತಿಹಾಸ ಮಾತ್ರ.

ಆದರೂ ಅಳಿಸಿದ್ದು ಒಂದು ಜಾಡು ಬಿಡುತ್ತದೆ. ಚಾನೆಲ್‌ನ ಪ್ರತಿ ಪೋಸ್ಟಿಗೂ ಒಂದು ಕ್ರಮಸಂಖ್ಯೆ ಇರುತ್ತದೆ. ಪೋಸ್ಟಿನ ಲಿಂಕ್ ಕಾಪಿ ಮಾಡಿಕೊಂಡರೆ ಅದು ಕಾಣುತ್ತದೆ:

```
t.me/channelname/2211
t.me/channelname/2212
t.me/channelname/2215
```

2213, 2214 ಎಲ್ಲಿ ಹೋದವು? ಎಲ್ಲ ಖಾಲಿ ಸಂಖ್ಯೆಯೂ ಕಳ್ಳತನದ ಗುರುತಲ್ಲ. ಒಂದೇ ಪೋಸ್ಟಿನಲ್ಲಿ ಮೂರು ಚಿತ್ರ ಹಾಕಿದರೆ ಮೂರು ಸಂಖ್ಯೆ ಬಳಕೆಯಾಗುತ್ತದೆ, ಚಾನೆಲ್‌ನ ಹೆಸರು ಬದಲಿಸಿದರೆ, ಪೋಸ್ಟೊಂದನ್ನು ಮೇಲೆ ಪಿನ್ ಮಾಡಿದರೆ ಅದಕ್ಕೂ ಒಂದು ಸಂಖ್ಯೆ ಹೋಗುತ್ತದೆ. ಆದರೆ ಪೇಟೆ ನಡೆಯುವ ಹೊತ್ತಿನಲ್ಲೇ, ಅದೂ ನಿಫ್ಟಿ ಜೋರಾಗಿ ಎದುರು ದಿಕ್ಕಿಗೆ ಓಡಿದ ದಿನಗಳಲ್ಲೇ ಸಂಖ್ಯೆಗಳು ಮತ್ತೆ ಮತ್ತೆ ತಪ್ಪಿಹೋಗಿದ್ದರೆ ಅದನ್ನು ಬರೆದಿಟ್ಟುಕೊಳ್ಳಬೇಕು.

ತಿದ್ದುವ ಆಟ ಇದಕ್ಕಿಂತ ಸೂಕ್ಷ್ಮ. ಒಂಬತ್ತೂ ಇಪ್ಪತ್ತಕ್ಕೆ ‘ಗುಡ್ ಮಾರ್ನಿಂಗ್’ ಎಂಬ ಪೋಸ್ಟ್ ಬರುತ್ತದೆ. ಹನ್ನೊಂದೂವರೆಗೆ ಯಾವ ಆಪ್ಷನ್ ಓಡಿತು ಎಂಬುದು ಗೊತ್ತಾದ ಮೇಲೆ ಅದೇ ಪೋಸ್ಟನ್ನು ತಿದ್ದಿ ಅಲ್ಲಿ ಕಾಲ್ ಬರೆಯಲಾಗುತ್ತದೆ. ಪೋಸ್ಟಿನ ಕೆಳಗೆ ಕಾಣುವ ಸಮಯ ಹಳೆಯದೇ, 9.20. ಪಕ್ಕದಲ್ಲಿ edited ಎಂಬ ಸಣ್ಣ ಪದ ಇರುತ್ತದೆ, ಓದುವವರ ಕಣ್ಣು ಅಲ್ಲಿಗೆ ಹೋಗುವುದಿಲ್ಲ. ಕಂಪ್ಯೂಟರಿನ ಟೆಲಿಗ್ರಾಂ ಡೆಸ್ಕ್‌ಟಾಪ್‌ನಲ್ಲಿ Export chat history ಎಂಬ ಸೌಲಭ್ಯವಿದೆ. ಅದರಲ್ಲಿ ಜೇಸನ್ ರೂಪವನ್ನು ಆರಿಸಿಕೊಂಡರೆ ಪೂರ್ತಿ ಚಾನೆಲ್ ಒಂದು ಕಡತವಾಗಿ ನಿಮ್ಮ ಬಳಿ ಬರುತ್ತದೆ. ಅದರಲ್ಲಿ ಪ್ರತಿ ಪೋಸ್ಟಿಗೂ id, date ಇರುತ್ತವೆ, ತಿದ್ದಿದ್ದರೆ edited ಎಂದು ತಿದ್ದಿದ ಸಮಯವೂ ಇರುತ್ತದೆ. 9.20ರ ಪೋಸ್ಟನ್ನು 11.34ಕ್ಕೆ ತಿದ್ದಿದ್ದು ಅಲ್ಲಿ ಬೆಳಕಿಗೆ ಬರುತ್ತದೆ.

ಇದಕ್ಕಿಂತ ಗಟ್ಟಿ ಸಾಕ್ಷಿ ಎಂದರೆ ಕಾಲ್ ಬಂದ ಕೂಡಲೇ ಅದನ್ನು ನಿಮ್ಮದೇ ‘ಸೇವ್ಡ್ ಮೆಸೇಜಸ್’ಗೆ ಫಾರ್ವರ್ಡ್ ಮಾಡಿಕೊಳ್ಳುವುದು. ಮೂಲ ಪೋಸ್ಟನ್ನು ಆಮೇಲೆ ತಿದ್ದಿದರೂ ಅಳಿಸಿದರೂ ನಿಮ್ಮ ಪ್ರತಿ ಇದ್ದ ಹಾಗೇ ಇರುತ್ತದೆ. ಚಾನೆಲ್‌ನವರು ಫಾರ್ವರ್ಡ್ ಮಾಡುವುದನ್ನೂ ಉಳಿಸಿಕೊಳ್ಳುವುದನ್ನೂ ನಿರ್ಬಂಧಿಸಿರಬಹುದು, ಟೆಲಿಗ್ರಾಂ ಅಂಥ ಅವಕಾಶ ಕೊಟ್ಟಿದೆ. ಹಣ ಕೊಟ್ಟು ಪಡೆಯುವ ಮಾಹಿತಿ ಸೋರಬಾರದು ಎಂಬ ಕಾರಣ ಕೊಡುತ್ತಾರೆ, ಆ ಕಾರಣದಲ್ಲಿ ಹುರುಳಿಲ್ಲದೆಯೂ ಇಲ್ಲ. ಆದರೆ ದಾಖಲೆ ಇಟ್ಟುಕೊಳ್ಳಲು ಬಿಡದವನ ಅಕ್ಯುರೆಸಿಯನ್ನು ನಂಬುವ ಹೊಣೆ ನಿಮ್ಮದಲ್ಲ. ಅಂಥ ಕಡೆ ಇನ್ನೊಂದು ಫೋನಿನಿಂದ ಪರದೆಯ ಫೋಟೊ ತೆಗೆದು, ಸಮಯವನ್ನು ಪುಸ್ತಕದಲ್ಲಿ ಬರೆದುಕೊಳ್ಳುವುದೇ ದಾರಿ. ‘ಇದನ್ನು ಪ್ರೀಮಿಯಂ ಗ್ರೂಪಿನಲ್ಲಿ 110ಕ್ಕೇ ಕೊಟ್ಟಿದ್ದೆವು’ ಎಂದು ಉಚಿತ ಚಾನೆಲ್‌ನಲ್ಲಿ ಆಮೇಲೆ ಬರುವ ಮಾತುಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳಬಾರದು.

ಎರಡನೆಯ ದಾಖಲೆ ಬೆಲೆಯದು, ಇದನ್ನು ಯಾವ ಚಾನೆಲ್ಲೂ ತಿದ್ದಲಾರದು. ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ, ಅಂದರೆ ಎನ್‌ಎಸ್‌ಇ, ಪ್ರತಿದಿನ ಸಂಜೆ ‘ಭಾವ್‌ಕಾಪಿ’ ಎಂಬ ಕಡತವನ್ನು ತನ್ನ ವೆಬ್‌ಸೈಟಿನಲ್ಲಿ ಉಚಿತವಾಗಿ ಹಾಕುತ್ತದೆ. ಅಂದು ವಹಿವಾಟಾದ ಪ್ರತಿ ಆಪ್ಷನ್‌ನ ಆರಂಭದ ಬೆಲೆ, ಅತಿ ಹೆಚ್ಚು, ಅತಿ ಕಡಿಮೆ, ಮುಕ್ತಾಯ, ಎಲ್ಲವೂ ಅದರಲ್ಲಿರುತ್ತವೆ. 24800ರ ಕಾಲ್ ಆ ದಿನ 165ನ್ನೇ ದಾಟಿಲ್ಲ ಎಂದು ಭಾವ್‌ಕಾಪಿ ಹೇಳಿದರೆ, 170ರ ಗುರಿ ಹಿಟ್ ಆಯಿತೆಂಬ ಪೋಸ್ಟ್ ಅಲ್ಲಿಗೇ ಬಿದ್ದುಹೋಗುತ್ತದೆ. ಹಳೆಯ ತಾರೀಕಿನ ಕಡತಗಳೂ ಅಲ್ಲೇ ಸಿಗುತ್ತವೆ.

ಆದರೆ ಭಾವ್‌ಕಾಪಿಗೆ ಒಂದು ಮಿತಿಯಿದೆ. ಆ ದಿನದ ಅತಿ ಹೆಚ್ಚು 140, ಅತಿ ಕಡಿಮೆ 72 ಎಂದಿದ್ದರೆ ಗುರಿಯೂ ಮುಟ್ಟಿದೆ, ಸ್ಟಾಪ್ ಲಾಸೂ ಮುಟ್ಟಿದೆ. ಯಾವುದು ಮೊದಲು? ಟಿಪ್ಸ್ ಮಾರುವವರು ಹೆಚ್ಚಾಗಿ ಅಡಗುವುದು ಈ ಸಂದಿಯಲ್ಲೇ. ಬೆಲೆ ಹತ್ತೂವರೆಗೆ 80ಕ್ಕೆ ಕುಸಿದು, ಹಿಂಬಾಲಿಸಿದವರೆಲ್ಲ ನಷ್ಟದಲ್ಲಿ ಹೊರಬಿದ್ದ ಮೇಲೆ, ಎರಡು ಗಂಟೆಗೆ 130 ಕಂಡರೆ ಚಾನೆಲ್ ‘ಟಾರ್ಗೆಟ್ ಹಿಟ್’ ಎಂದು ಬರೆಯುತ್ತದೆ. ಬರೆದದ್ದು ಸುಳ್ಳಲ್ಲ, ಆದರೆ ಆ ಹಣ ಯಾರ ಕೈಗೂ ಬಂದಿಲ್ಲ. ಇದನ್ನು ತೀರ್ಮಾನಿಸಲು ಆ ಆಪ್ಷನ್‌ನ ಒಂದು ನಿಮಿಷದ ಚಾರ್ಟ್ ಬೇಕು. ನಿಮ್ಮ ಬ್ರೋಕರ್ ಆ್ಯಪ್‌ನಲ್ಲೇ ಅದು ಸಿಗುತ್ತದೆ. ಆದರೆ ನಿಫ್ಟಿಯ ವಾರದ ಆಪ್ಷನ್‌ಗಳು ಈಗ ಮಂಗಳವಾರ ಮುಗಿಯುತ್ತವೆ, ಮುಗಿದ ಮೇಲೆ ಬಹಳಷ್ಟು ಆ್ಯಪ್‌ಗಳಲ್ಲಿ ಅವುಗಳ ಚಾರ್ಟ್ ಕಾಣಿಸುವುದಿಲ್ಲ. ಹಾಗಾಗಿ ಈ ಕೆಲಸವನ್ನು ತಿಂಗಳ ಕೊನೆಗೆ ಮುಂದೂಡದೆ ಅಂದಂದಿನ ಸಂಜೆಯೇ ಮುಗಿಸಬೇಕು. ಒಂದೇ ನಿಮಿಷದೊಳಗೆ ಎರಡೂ ಗೆರೆ ಮುಟ್ಟಿದ್ದರೆ ಸೋಲು ಎಂದೇ ಬರೆದುಕೊಳ್ಳಿ. ಸಂಶಯದ ಲಾಭ ಮಾರುವವನಿಗೆ ಹೋಗಬಾರದು, ಹಣ ನಿಮ್ಮದು.

ಲೆಕ್ಕ ಶುರುಮಾಡುವ ಮೊದಲೇ ನಿಯಮವನ್ನೂ ಬರೆದಿಟ್ಟುಕೊಳ್ಳಬೇಕು. ಮೂರು ಗುರಿ ಕೊಟ್ಟ ಕಾಲ್‌ನಲ್ಲಿ ಗೆಲುವು ಎಂದರೆ ಯಾವುದು? ಚಾನೆಲ್ ಗೆಲುವನ್ನು ಎಣಿಸುವಾಗ ಮೊದಲ ಗುರಿಯನ್ನು ಹಿಡಿದು, ಲಾಭ ತೋರಿಸುವಾಗ ಮೂರನೆಯದನ್ನು ಹಿಡಿಯುತ್ತದೆ. ಎರಡಕ್ಕೂ ಒಂದೇ ಅಳತೆ ಇರಬೇಕು. ಮೊದಲ ಗುರಿ ಗೆಲುವು ಎಂದಾದರೆ ಲಾಭವೂ ಹತ್ತೇ ರೂಪಾಯಿ. ಮೂರನೆಯ ಗುರಿಯ 50 ರೂಪಾಯಿ ಬೇಕೆಂದರೆ, ಅಲ್ಲಿಗೆ ಮುಟ್ಟದೆ ಹಿಂದೆ ಬಿದ್ದ ಕಾಲ್‌ಗಳೆಲ್ಲ ಗೆಲುವಿನ ಪಟ್ಟಿಯಿಂದ ಹೊರಗೆ. ‘ಎಸ್‌ಎಲ್ ನಿಮಗೆ ಅನುಕೂಲವಾದ ಕಡೆ’ ಎಂದು ಬರೆಯುವ ಕಾಲ್‌ಗಳನ್ನು ಅಳೆಯಲು ಬರುವುದೇ ಇಲ್ಲ. ಅವು ಪಟ್ಟಿಯಲ್ಲಿ ಎಷ್ಟಿವೆ ಎಂದು ಬೇರೆಯಾಗಿ ಎಣಿಸಿ ಇಟ್ಟುಕೊಳ್ಳಿ.

ಈಗ ನಮ್ಮ 40 ಕಾಲ್‌ಗಳ ತಿಂಗಳಿಗೆ ಬರೋಣ. ಈ ಚಾನೆಲ್ ವಿವರಣೆಗಾಗಿ ಕಟ್ಟಿಕೊಂಡ ಉದಾಹರಣೆ, ಎಲ್ಲ ಕಾಲ್‌ಗಳಿಗೂ 120, 130, 80ರ ಅಳತೆಯೇ ಇದೆ ಎಂದು ಸರಳಗೊಳಿಸಿದ್ದೇನೆ. ಅದರಲ್ಲಿ ಸಿಕ್ಕಿಬೀಳುವ ಕೈಚಳಕಗಳು ಮಾತ್ರ ಈ ದಂಧೆಯಲ್ಲಿ ದಿನನಿತ್ಯದವು.

ಪರಿಶೀಲಿಸುವವನು ತಿಂಗಳಿಡೀ ಕಾಲ್‌ಗಳನ್ನು ಬಂದ ಕ್ಷಣದಲ್ಲೇ ಫಾರ್ವರ್ಡ್ ಮಾಡಿಕೊಂಡಿದ್ದಾನೆ. ತಿಂಗಳ ಕೊನೆಗೆ ಚಾನೆಲ್‌ನ ಪಟ್ಟಿಯ ಜೊತೆ ಹೋಲಿಸಿದರೆ ಅವನ ಬಳಿ ಐದು ಕಾಲ್ ಹೆಚ್ಚಿಗೆ ಇವೆ. ಚಾನೆಲ್‌ನಲ್ಲಿ ಅವು ಈಗ ಇಲ್ಲ, ಆ ಜಾಗದ ಸಂಖ್ಯೆಗಳು ತಪ್ಪಿಹೋಗಿವೆ. ಐದೂ ಸ್ಟಾಪ್ ಲಾಸ್ ಮುಟ್ಟಿದವು. ಹೀಗೆ ಒಟ್ಟು 45 ಆಯಿತು. ಮುಂದೆ ಚಾನೆಲ್ ಗೆಲುವೆಂದು ಹೇಳಿದ 34ನ್ನು ಒಂದು ನಿಮಿಷದ ಚಾರ್ಟಿನ ಜೊತೆ ಒಂದೊಂದಾಗಿ ಇಟ್ಟು ನೋಡುತ್ತಾನೆ. ನಾಲ್ಕರಲ್ಲಿ ಬೆಲೆ ಮೊದಲು 80ಕ್ಕೆ ಹೋಗಿ ಆಮೇಲೆ 130 ಕಂಡಿದೆ. ಅವು ಸೋಲಿನ ಕಡೆಗೆ. ಮೂರರಲ್ಲಿ ಪೋಸ್ಟ್ ಬಂದ ನಿಮಿಷದಲ್ಲೇ ಬೆಲೆ 130 ದಾಟಿಬಿಟ್ಟಿತ್ತು, ಆಮೇಲೆ 120ರ ಹತ್ತಿರಕ್ಕೂ ಬರಲಿಲ್ಲ. ಯಾರೂ ಕೊಳ್ಳಲಾಗದ ಬೆಲೆಯ ಕಾಲ್ ಗೆಲುವೂ ಅಲ್ಲ, ಸೋಲೂ ಅಲ್ಲ. ಅವನ್ನು ಲೆಕ್ಕದಿಂದ ತೆಗೆಯುತ್ತಾನೆ.

ಉಳಿದದ್ದು 42 ಕಾಲ್. ನಿಜವಾದ ಗೆಲುವು 27. ಸೋಲು, ಚಾನೆಲ್ ಒಪ್ಪಿಕೊಂಡ 6, ಮೊದಲು ಸ್ಟಾಪ್ ಲಾಸ್ ಮುಟ್ಟಿದ 4, ಅಳಿಸಿದ 5, ಒಟ್ಟು 15. ಅಕ್ಯುರೆಸಿ 64 ಪರ್ಸೆಂಟ್. ಕೇಳಲು ಇದೂ ಕೆಟ್ಟ ಅಂಕಿಯಲ್ಲ, ಮೂರರಲ್ಲಿ ಎರಡು ಸರಿ ಬಂದ ಹಾಗೆ ಕಾಣುತ್ತದೆ. ಆದರೆ ಗೆದ್ದಾಗ ಖರ್ಚು ಕಳೆದು 9, ಸೋತಾಗ 41. 27 ಗೆಲುವಿನಿಂದ 243, 15 ಸೋಲಿನಿಂದ 615. ತಿಂಗಳ ಮೊತ್ತ 372 ರೂಪಾಯಿ ಋಣ. ಅದನ್ನು ಲಾಟಿನ 65ರಿಂದ ಗುಣಿಸಿದರೆ 24,180 ರೂಪಾಯಿ ನಷ್ಟ, ಫೀಸು ಸೇರಿ 29,180. ಒಂದು ಲಾಟಿಗೆ, ಒಂದು ತಿಂಗಳಿಗೆ, ಕೊಳ್ಳುವಾಗ ಸರಿಯಾಗಿ 120ರ ಬೆಲೆಯೇ ಸಿಕ್ಕಿತು ಎಂದುಕೊಂಡರೂ ಸಹ.

ಇಲ್ಲಿ ಗಮನಿಸಬೇಕಾದ್ದು 64 ಎಂಬುದು ಆಕಸ್ಮಿಕದ 80ಕ್ಕಿಂತಲೂ ಕೆಳಗಿದೆ ಎಂಬುದು. ಇದಕ್ಕೂ ಕಾರಣವಿದೆ. ಆಪ್ಷನ್ ಕೊಂಡವನ ಕೈಯಲ್ಲಿ ಸಮಯ ಕರಗುತ್ತಿರುತ್ತದೆ. ನಿಫ್ಟಿ ಇದ್ದಲ್ಲೇ ಇದ್ದರೂ ವಾರದ ಆಪ್ಷನ್‌ನ ಬೆಲೆ ಗಂಟೆಗಂಟೆಗೆ ಇಳಿಯುತ್ತದೆ, ಎಕ್ಸ್‌ಪೈರಿ ದಿನ ಇನ್ನೂ ವೇಗವಾಗಿ. ಜೊತೆಗೆ ಬೆಲೆ ಜಿಗಿದು ಎಲ್ಲರ ಗಮನ ಸೆಳೆದ ಮೇಲೆ ಬರುವ ಕಾಲ್‌ಗಳಲ್ಲಿ ನೀವು ಶಿಖರದ ಹತ್ತಿರ ಕೊಳ್ಳುತ್ತೀರಿ. ಗೆರೆಗಳ ಲೆಕ್ಕಾಚಾರ 80 ಕೊಡಬೇಕಾದ ಕಡೆ ಅದಕ್ಕಿಂತ ಕಡಿಮೆ ಬರುವುದು ಇದರಿಂದ.

ಭಾರತೀಯ ಷೇರುಪೇಟೆ ನಿಯಂತ್ರಕ ಸೆಬಿ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನ ಇದೇ ಚಿತ್ರವನ್ನು ದೊಡ್ಡದಾಗಿ ತೋರಿಸಿತು. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ವ್ಯವಹರಿಸಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ ನಷ್ಟ ಕಂಡಿದ್ದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ದಾಟಿತ್ತು. ಇಂಥ ಕಡೆ ನೂರಕ್ಕೆ ಎಂಬತ್ತೈದು ಗೆಲ್ಲಿಸುತ್ತೇನೆ ಎನ್ನುವವನ ಬಳಿ ಅಷ್ಟೇ ಗಟ್ಟಿ ದಾಖಲೆ ಕೇಳುವುದು ಅನುಮಾನದ ಸ್ವಭಾವದ ಮಾತಲ್ಲ.

ಮೂರನೆಯ ದಾಖಲೆ ಮಾರುವವನ ಸ್ವಂತ ಖಾತೆ. ‘ನಾನೂ ಇದೇ ಟ್ರೇಡ್ ಮಾಡಿದ್ದೇನೆ, ನೋಡಿ ಲಾಭ’ ಎಂದು ಹಸಿರು ಅಂಕಿಯ ಸ್ಕ್ರೀನ್‌ಶಾಟ್ ಹಾಕುತ್ತಾರೆ. ಸ್ಕ್ರೀನ್‌ಶಾಟ್ ದಾಖಲೆಯಲ್ಲ. ಬ್ರೌಸರಿನಲ್ಲಿ ತೆರೆದ ಪುಟದ ಅಂಕಿಯನ್ನು ಬದಲಾಯಿಸಿ ಚಿತ್ರ ತೆಗೆಯಲು ಒಂದು ನಿಮಿಷ ಸಾಕು. ಬ್ರೋಕರ್ ಕಳಿಸುವ ಕಾಂಟ್ರಾಕ್ಟ್ ನೋಟ್ ಮಾತ್ರ ಬೇರೆ ಜಾತಿಯದು. ವಹಿವಾಟಾದ 24 ಗಂಟೆಯೊಳಗೆ ಅದು ಗ್ರಾಹಕನಿಗೆ ಹೋಗಲೇಬೇಕು. ಅದರಲ್ಲಿ ಆರ್ಡರ್ ಸಂಖ್ಯೆ, ಟ್ರೇಡ್ ಸಂಖ್ಯೆ, ಸಮಯ, ಬೆಲೆ ಇರುತ್ತವೆ, ಡಿಜಿಟಲ್ ಸಹಿಯೂ ಇರುತ್ತದೆ. ಬೆಂಗಳೂರಿನ ಜೆರೋಧಾ ಸೇರಿದಂತೆ ಕೆಲವರು ‘ವೆರಿಫೈಡ್ ಪಿ ಆ್ಯಂಡ್ ಎಲ್’ ಎಂಬ ಲಿಂಕ್ ಕೂಡ ಕೊಡುತ್ತಾರೆ. ಅದು ತೆರೆದುಕೊಳ್ಳುವುದು ಬ್ರೋಕರನ ವೆಬ್‌ಸೈಟಿನಲ್ಲೇ ಆದ್ದರಿಂದ ಅಂಕಿಯನ್ನು ಗ್ರಾಹಕ ತಿದ್ದಲಾರ. ಲಿಂಕ್ ಒತ್ತಿದಾಗ ವಿಳಾಸದ ಪಟ್ಟಿಯಲ್ಲಿ ಬ್ರೋಕರನ ನಿಜವಾದ ಹೆಸರಿದೆಯೇ ಎಂದು ನೋಡಿಕೊಳ್ಳಬೇಕು, ಅಷ್ಟೆ.

ಆದರೆ ಪರಿಶೀಲಿಸಿದ ಲಾಭವೂ ಪೂರ್ತಿ ಸತ್ಯ ಹೇಳದಿರಬಹುದು. ಅದು ಒಂದು ಖಾತೆಯದು. ಒಂದು ಖಾತೆಯಲ್ಲಿ ಕಾಲ್, ಮನೆಯವರ ಹೆಸರಿನ ಇನ್ನೊಂದರಲ್ಲಿ ಪುಟ್ ಕೊಂಡರೆ ಎರಡರಲ್ಲಿ ಒಂದು ಲಾಭ ತೋರಿಸುವ ಸಂಭವ ಚೆನ್ನಾಗಿಯೇ ಇದೆ, ಲಿಂಕ್ ಹಂಚಿಕೊಳ್ಳುವುದು ಅದನ್ನೇ. ಆದ್ದರಿಂದ ಕೇಳಬೇಕಾದ್ದು ಒಂದು ದಿನದ ಲಿಂಕ್ ಅಲ್ಲ, ಪೂರ್ತಿ ಆರ್ಥಿಕ ವರ್ಷದ್ದು. ಆಮೇಲೆ ಚಾನೆಲ್‌ನಲ್ಲಿ ಬಂದ ಕಾಲ್‌ಗಳೂ ಆ ಖಾತೆಯ ಟ್ರೇಡ್‌ಗಳೂ ಹೊಂದುತ್ತವೆಯೇ ಎಂದು ನೋಡಬೇಕು. ಗ್ರಾಹಕರಿಗೆ ಆಪ್ಷನ್ ಕೊಳ್ಳಲು ಹೇಳಿ ತಾನು ಮಾರಿ ಕೂತವನ ಲಾಭ ಕಾಲ್‌ನ ಯೋಗ್ಯತೆಗೆ ಸಾಕ್ಷಿಯಾಗದು.

ಸ್ವಂತ ಖಾತೆಯ ದಾಖಲೆ ಹೊರಬಂದಾಗ ಏನಾಗುತ್ತದೆ ಎಂಬುದಕ್ಕೆ ‘ಬಾಪ್ ಆಫ್ ಚಾರ್ಟ್’ ಪ್ರಕರಣವಿದೆ. ಈ ಹೆಸರಿನಲ್ಲಿ ಸಾಮಾಜಿಕ ಜಾಲತಾಣಗಳಲ್ಲಿ ಷೇರು ತರಬೇತಿ ಮತ್ತು ಶಿಫಾರಸುಗಳನ್ನು ಮಾರುತ್ತಿದ್ದವರ ವಿರುದ್ಧ ಸೆಬಿ 2023ರ ಅಕ್ಟೋಬರಿನಲ್ಲಿ ಮಧ್ಯಂತರ ಆದೇಶ ಹೊರಡಿಸಿತು. ನೋಂದಣಿಯಿಲ್ಲದೆ ಸಲಹೆ ಕೊಟ್ಟು ಗಳಿಸಿದ್ದೆಂದು ಹೇಳಿದ ಸುಮಾರು 17.2 ಕೋಟಿ ರೂಪಾಯಿಯನ್ನು ಠೇವಣಿ ಇಡಲು ಹೇಳಿತು. ಲಾಭದ ಟ್ರೇಡ್‌ಗಳನ್ನಷ್ಟೇ ತೋರಿಸುತ್ತಿದ್ದ ಆ ಚಾನೆಲ್ ನಡೆಸುತ್ತಿದ್ದವರು 2021ರ ಜನವರಿಯಿಂದ 2023ರ ಜುಲೈವರೆಗೆ ಸ್ವಂತ ವಹಿವಾಟಿನಲ್ಲಿ ಸುಮಾರು 2.89 ಕೋಟಿ ರೂಪಾಯಿ ಕಳೆದುಕೊಂಡಿದ್ದರು ಎಂದು ಆ ಆದೇಶ ದಾಖಲಿಸಿತು. ಜನರಿಗೆ ಕಾಣದಿದ್ದ ಖಾತೆ ನಿಯಂತ್ರಕರಿಗೆ ಕಂಡಿತು.

ನೋಂದಣಿಯ ಮಾತು ಬಂತು. ಹಣ ಪಡೆದು ಷೇರು ಶಿಫಾರಸು ಕೊಡುವವರು ಸೆಬಿಯ 2014ರ ನಿಯಮಗಳ ಪ್ರಕಾರ ರಿಸರ್ಚ್ ಅನಲಿಸ್ಟ್ ಆಗಿ ನೋಂದಾಯಿಸಿಕೊಂಡಿರಬೇಕು. ಅವರ ಸಂಖ್ಯೆ INH ಎಂದು ಶುರುವಾಗುತ್ತದೆ, ಹೂಡಿಕೆ ಸಲಹೆಗಾರರದ್ದು INA ಎಂದು. ಚಾನೆಲ್‌ನ ಮೇಲೆ ಇಂಥ ಸಂಖ್ಯೆ ಬರೆದಿದೆ ಎಂದ ಮಾತ್ರಕ್ಕೆ ಅದು ಅವರದ್ದೇ ಆಗಬೇಕಿಲ್ಲ, ಬೇರೆ ಯಾರದ್ದೋ ಸಂಖ್ಯೆಯನ್ನು ಅಂಟಿಸಿಕೊಂಡಿರಬಹುದು. sebi.gov.in ತೆರೆದು ನೋಂದಾಯಿತರ ಪಟ್ಟಿಯಲ್ಲಿ ಆ ಸಂಖ್ಯೆ ಹುಡುಕಿದರೆ ಹೆಸರು, ವಿಳಾಸ, ಇಮೇಲ್ ಸಿಗುತ್ತವೆ. ಚಾನೆಲ್‌ನವರು ಫೀಸು ಕಟ್ಟಲು ಕೊಟ್ಟ ಯುಪಿಐ ಅಥವಾ ಬ್ಯಾಂಕ್ ಖಾತೆಯ ಹೆಸರು ಅದಕ್ಕೆ ಹೊಂದದಿದ್ದರೆ ಹಣ ಕಳಿಸಬಾರದು. ಅನುಮಾನ ಉಳಿದರೆ ಪಟ್ಟಿಯಲ್ಲಿರುವ ಇಮೇಲಿಗೇ ಬರೆದು ಕೇಳಬಹುದು.

ನೋಂದಣಿ ಇದ್ದವರ ಶಿಫಾರಸು ಸರಿ ಬರುತ್ತದೆ ಎಂದೇನೂ ಅಲ್ಲ. ಅದರ ಪ್ರಯೋಜನ ಬೇರೆ. ಅವರು ಕೊಟ್ಟ ಪ್ರತಿ ಶಿಫಾರಸನ್ನೂ, ಅದಕ್ಕೆ ಕಾರಣವನ್ನೂ ಐದು ವರ್ಷ ಕಾಪಾಡಿ ಇಡಬೇಕು. ಲಾಭದ ಭರವಸೆ ಕೊಡುವಂತಿಲ್ಲ. 2023ರ ಜಾಹೀರಾತು ಸಂಹಿತೆಯ ನಂತರ ಹಿಂದಿನ ಸಾಧನೆಯನ್ನು ಜಾಹೀರಾತಿನಲ್ಲಿ ತೋರಿಸುವುದಕ್ಕೂ ನಿಷೇಧ ಬಂತು. ಹಾಗಾಗಿ ‘85 ಪರ್ಸೆಂಟ್ ಗ್ಯಾರಂಟಿ’ ಎಂದು ಬರೆದುಕೊಂಡ ಚಾನೆಲ್ ನೋಂದಣಿ ಇಲ್ಲದ್ದಾಗಿರಬೇಕು, ಇಲ್ಲವೇ ನಿಯಮ ಮುರಿಯುತ್ತಿರಬೇಕು.

ಈ ನಿಷೇಧದಿಂದ ಪ್ರಾಮಾಣಿಕರಿಗೂ ತಮ್ಮ ದಾಖಲೆ ತೋರಿಸಲು ದಾರಿ ಇಲ್ಲದಾಗಿತ್ತು. ಅದಕ್ಕಾಗಿ ಸೆಬಿ 2025ರ ಏಪ್ರಿಲ್‌ನಲ್ಲಿ ‘ಪಾಸ್ಟ್ ರಿಸ್ಕ್ ಆ್ಯಂಡ್ ರಿಟರ್ನ್ ವೆರಿಫಿಕೇಶನ್ ಏಜೆನ್ಸಿ’, ಚಿಕ್ಕದಾಗಿ ಪಾರ್ವಾ, ಎಂಬ ವ್ಯವಸ್ಥೆಯ ಚೌಕಟ್ಟು ಪ್ರಕಟಿಸಿತು. ಕ್ರೆಡಿಟ್ ರೇಟಿಂಗ್ ಸಂಸ್ಥೆಯೊಂದು ಪರಿಶೀಲಕ, ವಿನಿಮಯ ಕೇಂದ್ರವೊಂದು ದತ್ತಾಂಶ ಕೇಂದ್ರ. ಕೇರ್ ರೇಟಿಂಗ್ಸ್ ಮತ್ತು ಎನ್‌ಎಸ್‌ಇ ಈ ಹೊಣೆ ಹೊತ್ತು, ಅದೇ ವರ್ಷದ ಡಿಸೆಂಬರಿನಲ್ಲಿ ಪ್ರಾಯೋಗಿಕವಾಗಿ ಕೆಲಸ ಶುರುವಾಯಿತು. ಇದರಲ್ಲಿ ನನಗೆ ಬಹಳ ಮುಖ್ಯವೆನಿಸುವ ಅಂಶವೊಂದಿದೆ. ಪಾರ್ವಾ ಹಳೆಯ ಸಾಧನೆಗೆ ಮುದ್ರೆ ಒತ್ತುವುದಿಲ್ಲ, ಸೇರಿದ ದಿನದಿಂದ ಮುಂದಕ್ಕೆ ಮಾತ್ರ ಅಳೆಯುತ್ತದೆ. ಗೆದ್ದ ಶಿಫಾರಸುಗಳನ್ನು ಆರಿಸಿ ಕೊಟ್ಟು, ಸೋತವನ್ನು ಬಿಟ್ಟುಬಿಡುವ ಅವಕಾಶವನ್ನು ಅದು ಕೊಡುವುದಿಲ್ಲ. ಫೋನು ಹಿಡಿದು ಒಬ್ಬ ಮನೆಯಲ್ಲಿ ಕೂತು ಮಾಡುವ ಪರಿಶೀಲನೆಯೂ ಹೀಗೇ ಇರಬೇಕು: ಸೇರಿದ ದಿನದಿಂದ ಮುಂದಕ್ಕೆ, ಬಂದ ಎಲ್ಲ ಕಾಲ್‌ಗಳನ್ನೂ, ಒಂದು ರೂಪಾಯಿಯನ್ನೂ ಹಾಕದೆ, ಕಾಗದದ ಮೇಲೆ. ಒಂದು ತಿಂಗಳಿಗೆ ತೀರ್ಮಾನ ಸಾಲದು, ಮೂರು ತಿಂಗಳು, ನೂರಕ್ಕೂ ಹೆಚ್ಚು ಕಾಲ್ ಆಗುವವರೆಗೆ. ಉಚಿತ ಚಾನೆಲ್‌ನಲ್ಲೇ ಇದು ಸಾಧ್ಯ.

ಈಗಾಗಲೇ ಹಣ ಕಟ್ಟಿ ಕಳೆದುಕೊಂಡವರು ಒಂದು ಅವಸರ ಮಾಡಬಾರದು. ಸಿಟ್ಟಿನಲ್ಲಿ ಗ್ರೂಪಿನಿಂದ ಹೊರಬಂದರೆ, ಅಥವಾ ಜಗಳ ಮಾಡಿ ಅವರೇ ಹೊರಹಾಕಿದರೆ, ಅಲ್ಲಿದ್ದ ಪೋಸ್ಟುಗಳು ಮತ್ತೆ ನಿಮ್ಮ ಕೈಗೆ ಸಿಗುವುದಿಲ್ಲ. ಮೊದಲು ಚಾನೆಲ್ ಅನ್ನು ಎಕ್ಸ್‌ಪೋರ್ಟ್ ಮಾಡಿ, ಅದು ಬಂದ್ ಆಗಿದ್ದರೆ ಪರದೆಯ ಫೋಟೊ ತೆಗೆದು, ಫೀಸು ಕಳಿಸಿದ ಯುಪಿಐ ವಹಿವಾಟಿನ ಸಂಖ್ಯೆ, ಅವರ ಜೊತೆಗಿನ ಚಾಟ್, ನಿಮ್ಮ ಕಾಂಟ್ರಾಕ್ಟ್ ನೋಟ್‌ಗಳು, ಎಲ್ಲವನ್ನೂ ಒಂದೆಡೆ ಕೂಡಿಡಿ. ನೋಂದಾಯಿತರ ಮೇಲಿನ ದೂರು ಸೆಬಿಯ ಸ್ಕೋರ್ಸ್ ಜಾಲತಾಣದಲ್ಲಿ ದಾಖಲಾಗುತ್ತದೆ. ನೋಂದಣಿಯಿಲ್ಲದವರು ವಂಚಿಸಿ ಹಣ ಹೊಡೆದಿದ್ದರೆ 1930ಕ್ಕೆ ಕರೆ ಮಾಡಬೇಕು, ಹಣ ಹೋದ ಮೊದಲ ಕೆಲವು ಗಂಟೆಗಳಲ್ಲೇ ಮಾಡಿದರೆ ಅದು ಇನ್ನೂ ಯಾವುದಾದರೂ ಬ್ಯಾಂಕ್ ಖಾತೆಯಲ್ಲಿ ಇರುವಾಗಲೇ ತಡೆಹಿಡಿಯುವ ಅವಕಾಶ ಇರುತ್ತದೆ.